ಕೆರೆಯ ನಡೆ, ಸೊಡರಿನ ನಡೆ

ಅಚೇತನವಾದ ವಸ್ತುವಿನಲ್ಲಿ ಚೇತನದ ಧರ್ಮವನ್ನು ಆರೋಪಿಸಿ ನುಡಿಯುವ ಪದ್ಧತಿ ನಮ್ಮ ಕಾವ್ಯದಷ್ಟೇ ಪುರಾತನವಾದುದು. ಅದು ಇಂದು ಸವೆದುಹೋಗಿದೆಯೆಂದು, ಇನ್ನು ಮುಂದೆ ಕವಿಯಾದವನು ಕೆರೆಯನ್ನು ಮಾತನಾಡಿಸದೆ, ದೀಪವನ್ನು ನಗಿಸದೆ, ಇದ್ದುದನ್ನು ಇದ್ದಂತೆ ಹೇಳಿ ಸುಮ್ಮನಿರುವುದೇ ಲೇಸೆಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. ಸವೆದಿರುವುದು ಆರೋಪವೆಂಬ ವ್ಯಾಪಾರವಲ್ಲ, ಆರೋಪಿಸಲ್ಪಡುವ ಸಾಮಗ್ರಿ. ದುಃಖ, ನಾಚಿಕೆ, ಕೋಪ, ವಿರಹ, ಏಕಾಂತಗಳೆಂಬ ಐದಾರು ಮನುಷ್ಯಭಾವಗಳನ್ನು ಒಬ್ಬರಿಂದೊಬ್ಬರು ಎರವಲು ಪಡೆದು, ಎದುರಿಗೆ ಬಂದ ಪ್ರತಿಯೊಂದು ಜಡವಸ್ತುವಿನ ಮೇಲೂ ಹೊದಿಸುತ್ತ ಬಂದಿರುವುದರಿಂದ, ಕೆರೆಯೂ ದೀಪವೂ ಬೆಟ್ಟವೂ ಒಂದೇ ಮುಖವನ್ನು ತಾಳಿ ನಿಂತಿವೆ.

ಮಾತು ನಿರಾಧಾರವಾಗಬಾರದೆಂದು ಒಂದು ಮಾದರಿಯನ್ನು ಮುಂದಿಡುತ್ತೇನೆ. ಇದು ಯಾವ ಲೇಖಕರದೂ ಅಲ್ಲ. ಪ್ರವಾಸಕಥನಗಳಲ್ಲಿಯೂ ವಿಶೇಷಾಂಕಗಳ ಕವನಗಳಲ್ಲಿಯೂ ಹೇರಳವಾಗಿ ದೊರೆಯುವ ಶೈಲಿಯನ್ನು ಅನುಸರಿಸಿ ನಾನೇ ಹೆಣೆದುದು. ಸ್ಥಳ, ಯಲ್ಲಾಪುರದಿಂದ ಮಾಗೋಡಿನ ಕಡೆಗೆ ಹೋಗುವವರು ದಾರಿಯಲ್ಲಿ ಕಾಣುವ ಕವಡಿಕೆರೆ. ‘ಸಂಜೆಯ ಹೊತ್ತಿನಲ್ಲಿ ಕವಡಿಕೆರೆ ಏಕಾಂಗಿಯಾಗಿ ದುಃಖಿಸುತ್ತಿತ್ತು. ಅಗಲಿದ ಸೂರ್ಯನನ್ನು ನೆನೆದು ನಿಟ್ಟುಸಿರು ಬಿಟ್ಟಿತು. ಆಚೆಯ ದಡದ ಮನೆಯ ಜಗುಲಿಯಲ್ಲಿ ಹಣತೆಯೊಂದು ನಾಚಿ ನಾಚಿ ನಗುತ್ತಿತ್ತು.’

ಈ ವಾಕ್ಯಗಳಲ್ಲಿ ವ್ಯಾಕರಣದೋಷವಿಲ್ಲ, ಕಿವಿಗೆ ಕರ್ಕಶವೂ ಇಲ್ಲ. ಆದರೆ ಕೆರೆಯೆಂದಿರುವಲ್ಲಿ ಹಣತೆಯನ್ನೂ ಹಣತೆಯೆಂದಿರುವಲ್ಲಿ ಕೆರೆಯನ್ನೂ ಇಟ್ಟು ಓದಿ ನೋಡಬೇಕು. ಹಣತೆ ಏಕಾಂಗಿಯಾಗಿ ದುಃಖಿಸಬಲ್ಲುದು, ಅಗಲಿದ ಸೂರ್ಯನನ್ನು ನೆನೆದು ನಿಟ್ಟುಸಿರನ್ನೂ ಬಿಡಬಲ್ಲುದು. ಕೆರೆ ನಾಚಿ ನಾಚಿ ನಗಬಲ್ಲುದು. ಹೆಸರುಗಳು ಅದಲುಬದಲಾದರೂ ಅರ್ಥಕ್ಕೆ ಕಿಂಚಿತ್ತೂ ಹಾನಿಯಿಲ್ಲ. ನೀರಿನ ವಿಸ್ತಾರವೊಂದು ಬೆಂಕಿಯ ಕುಡಿಯೊಂದರ ಸ್ಥಾನದಲ್ಲಿ ನಿರಾತಂಕವಾಗಿ ಕುಳಿತುಕೊಳ್ಳಬಹುದಾದರೆ, ಲೇಖಕನು ಕೆರೆಯನ್ನೂ ನೋಡಲಿಲ್ಲ, ದೀಪವನ್ನೂ ನೋಡಲಿಲ್ಲವೆಂದೇ ಹೇಳಬೇಕು. ಕವನವೊಂದನ್ನು ಓದುವಾಗ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು; ಇದಕ್ಕೆ ಪಾಂಡಿತ್ಯ ಬೇಕಿಲ್ಲ.

ಪಾಂಡಿತ್ಯ ಬೇಕಾಗುವುದು, ಈ ದೋಷಕ್ಕೆ ಪರಿಹಾರವನ್ನು ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ಸೂಚಿಸಿದ್ದರೆಂಬುದನ್ನು ನೆನಪಿಗೆ ತಂದುಕೊಳ್ಳುವುದಕ್ಕೆ. ಸಮಾಸೋಕ್ತಿಯೆಂಬ ಅಲಂಕಾರವನ್ನು ಭಾಮಹನಿಂದ ಮೊದಲುಗೊಂಡು ಅನೇಕರು ವಿವರಿಸಿದ್ದಾರೆ. ಅವರೊಳಗೆ 12ನೆಯ ಶತಮಾನದ ಕಾಶ್ಮೀರದ ರುಯ್ಯಕನು ‘ಅಲಂಕಾರಸರ್ವಸ್ವ’ದಲ್ಲಿಯೂ, ಅವನ ತರುವಾಯ 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿಯೂ ಮಾಡಿರುವ ಒಂದು ವಿಭಾಗ ನಮ್ಮ ಪ್ರಕೃತ ವಿಷಯಕ್ಕೆ ಅತ್ಯಂತ ಉಪಕಾರಕವಾಗಿದೆ. ರೂಪಕದಲ್ಲಿ ಒಂದರ ಮೇಲೆ ಮತ್ತೊಂದರ ರೂಪವನ್ನು ಆರೋಪಿಸುತ್ತೇವೆ. ಸಮಾಸೋಕ್ತಿಯಲ್ಲಾದರೋ ಆರೋಪಗೊಳ್ಳುವುದು ರೂಪವಲ್ಲ, ವ್ಯವಹಾರ. ಎದುರಿಗಿರುವ ವಸ್ತು ತಾನಾಗಿಯೇ ಉಳಿಯುತ್ತದೆ. ಕೆರೆಗೆ ಕಣ್ಣು ಮೂಗು ಹುಟ್ಟುವುದಿಲ್ಲ, ಅದನ್ನು ‘ಹೆಣ್ಣು’ ಎಂದು ಕರೆಯುವುದೂ ಇಲ್ಲ. ಅದರ ನಡೆಯಲ್ಲಿ ಮಾತ್ರ ಇನ್ನೊಬ್ಬರ ನಡೆ ಹೊಳೆಯುತ್ತದೆ. ಶಾಸ್ತ್ರಕಾರರು ಇಲ್ಲಿ ವ್ಯವಹಾರವೆಂದರೇ ಹೊರತು ಭಾವವೆನ್ನಲಿಲ್ಲ. ಭಾವವು ಸಹೃದಯನಲ್ಲಿ ಆಮೇಲೆ ಹುಟ್ಟತಕ್ಕುದು. ಕವಿ ಅದನ್ನು ಮೊದಲೇ ಕೆರೆಯ ಬಾಯಿಗೆ ತುರುಕಿದರೆ ಹುಟ್ಟುವುದಕ್ಕೆ ಎಡೆಯೆಲ್ಲಿದೆ?

ಈ ವ್ಯವಹಾರ ಹೊಳೆಯುವುದಕ್ಕೆ ಮೂರು ದ್ವಾರಗಳನ್ನು ವಿಶ್ವನಾಥನು ಹೇಳುತ್ತಾನೆ: ಕಾರ್ಯ, ಲಿಂಗ, ವಿಶೇಷಣ. ಎರಡಕ್ಕೂ ಸಮಾನವಾಗಿ ಒಪ್ಪುವ ಕ್ರಿಯೆ, ಶಬ್ದದ ಸ್ತ್ರೀಪುಂಲಿಂಗಗಳು, ಎರಡಕ್ಕೂ ಒಪ್ಪುವ ವಿಶೇಷಣಗಳು. ಸಂಸ್ಕೃತಕವಿಗಳು ಹೆಚ್ಚಾಗಿ ಲಿಂಗದ್ವಾರವನ್ನೇ ಆಶ್ರಯಿಸಿದರು. ಚಂದ್ರನೆಂಬ ಶಬ್ದ ಪುಂಲಿಂಗ, ರಜನಿಯೆಂಬುದು ಸ್ತ್ರೀಲಿಂಗ. ಆದುದರಿಂದ ಚಂದ್ರನು ಉದಯಿಸಿದೊಡನೆಯೇ ಕವಿಗೆ ಒಬ್ಬ ನಾಯಕನೂ ಒಬ್ಬಳು ನಾಯಿಕೆಯೂ ಶ್ರಮವಿಲ್ಲದೆ ದೊರೆತರು. ಮೊದಲು ಇದನ್ನು ಕಂಡವನ ಪ್ರತಿಭೆ ದೊಡ್ಡದೇ. ಆದರೆ ವ್ಯಾಕರಣವೇ ಪುಕ್ಕಟೆಯಾಗಿ ಕೊಟ್ಟ ಪ್ರಣಯವನ್ನು ಸಾವಿರ ವರ್ಷ ಉಪಯೋಗಿಸಿದಾಗ ಅದು ಮುಖವಿಲ್ಲದ ನಾಣ್ಯವಾದುದು ಆಶ್ಚರ್ಯವಲ್ಲ. ಕನ್ನಡದಲ್ಲಿ ಸ್ಥಿತಿ ಬೇರೆ. ನಮ್ಮ ಭಾಷೆಯಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದೆಂಬುದನ್ನು ಕೇಶಿರಾಜನ ಕಾಲದಿಂದಲೂ ವೈಯಾಕರಣರು ಒಪ್ಪಿದ್ದಾರೆ; ಕೆರೆ, ಹೊಳೆ, ಸೊಡರು, ಮುಗಿಲು ಎಲ್ಲವೂ ನಪುಂಸಕಗಳು. ಲಿಂಗದ್ವಾರ ನಮಗೆ ಬಹುಮಟ್ಟಿಗೆ ಮುಚ್ಚಿಯೇ ಇದೆ. ಇದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ಕನ್ನಡಕವಿಯು ಕಾರ್ಯದ್ವಾರದಿಂದಲೇ ಒಳಗೆ ಹೋಗಬೇಕಾಗಿದೆ, ಎಂದರೆ ವಸ್ತು ಏನು ಮಾಡುತ್ತದೆಂಬುದನ್ನು ನಿಂತು ನೋಡಲೇಬೇಕಾಗಿದೆ. ಹಾಗೆ ನೋಡದೆ, ಸಂಸ್ಕೃತದ ನಾಯಕನಾಯಿಕೆಯರನ್ನು ಮಾತ್ರ ಭಾಷಾಂತರಿಸಿಕೊಂಡವನ ಕೈಯಲ್ಲಿ ಉಳಿಯುವುದು ಮೇಲಿನ ಮಾದರಿಯಂಥ ನಿಟ್ಟುಸಿರು.

ಹಾಗಾದರೆ ಸಂಜೆಯ ಹೊತ್ತಿನಲ್ಲಿ ಮಲೆನಾಡಿನ ಕೆರೆಯೊಂದು ನಿಜವಾಗಿ ಮಾಡುವುದೇನು? ಹಗಲಿನ ಗಾಳಿ ಸಾಮಾನ್ಯವಾಗಿ ಹೊತ್ತು ಮುಳುಗುವ ವೇಳೆಗೆ ಇಳಿಯುತ್ತದೆ. ಆಗ ಕೆರೆಯ ಮೈಯೆಲ್ಲವೂ ಏಕಕಾಲದಲ್ಲಿ ನಿಶ್ಚಲವಾಗುವುದಿಲ್ಲ. ಕಾನಿನ ಮರಗಳು ಗಾಳಿಗೆ ಅಡ್ಡವಾಗಿರುವ ಕಡೆ ದಡದ ನೀರು ಮೊದಲು ನುಣುಪಾಗುತ್ತದೆ. ಆ ನುಣುಪು ಅಂಚಿನಿಂದ ನಡುವಿಗೆ ಹರಡುತ್ತದೆ. ನಡುನೀರಿನಲ್ಲಿ ಒಂದೆರಡು ಕಡೆ ಮಾತ್ರ ತೆರೆಯ ತುಣುಕುಗಳು ಇನ್ನೂ ಕೆಲವು ಕಾಲ ಅಲೆಯುತ್ತಿರುತ್ತವೆ. ದಡದಲ್ಲಿ ಕತ್ತಲು ಕವಿದು ಗಿಡಗಳ ಗುರುತು ಸಿಕ್ಕದಂತಾದ ಮೇಲೂ ನೀರು ಬೆಳ್ಳಗಿರುತ್ತದೆ. ಆಕಾಶದಲ್ಲಿ ಉಳಿದಿರುವ ಬೆಳಕನ್ನು ಅದು ಪ್ರತಿಫಲಿಸುತ್ತಿರುವುದೇ ಇದಕ್ಕೆ ಕಾರಣ. ಎದುರು ಬೆಟ್ಟದ ಪ್ರತಿಬಿಂಬವು ಬೆಟ್ಟಕ್ಕಿಂತ ತುಸು ಕಪ್ಪಾಗಿರುವುದಲ್ಲದೆ, ಬೆಟ್ಟದಲ್ಲಿ ನಮಗೆ ಕಾಣದಿರುವುದನ್ನೂ ತೋರಿಸುತ್ತದೆ: ದಡಕ್ಕೆ ಬಾಗಿದ ಕೊಂಬೆಯ ಮೇಲ್ಮೈಯನ್ನು ನಾವು ನೋಡುತ್ತಿದ್ದರೆ, ನೀರು ಅದರ ಅಡಿಯನ್ನು ನೋಡುತ್ತಿರುತ್ತದೆ.

ಇನ್ನು ಆಚೆಯ ದಡದ ಹಣತೆ. ನೀರು ಪೂರ್ಣ ನಿಶ್ಚಲವಾಗಿದ್ದರೆ ಅದರ ಬಿಂಬ ಒಂದು ಚುಕ್ಕೆ; ಸಣ್ಣ ತೆರೆಗಳಿದ್ದರೆ ಆ ಚುಕ್ಕೆ ನೀಳವಾಗಿ ಎಳೆದು, ನೋಡುವವನ ಕಾಲಬುಡದವರೆಗೆ ಬೆಳಕಿನ ಪಟ್ಟಿಯಾಗಿ ಬರುತ್ತದೆ. ಅವನು ದಡದುದ್ದಕ್ಕೂ ನಡೆದರೆ ಪಟ್ಟಿಯೂ ಜೊತೆಯಲ್ಲಿಯೇ ಸರಿಯುತ್ತದೆ. ಹತ್ತು ಮಂದಿ ಹತ್ತು ಕಡೆ ನಿಂತಿದ್ದರೆ ಹತ್ತು ಮಂದಿಗೂ ಪಟ್ಟಿ ತನ್ನ ಕಡೆಗೇ ಬಂದಿರುವಂತೆ ಕಾಣುವುದಲ್ಲದೆ, ಪಕ್ಕದವನ ಪಟ್ಟಿ ಯಾರಿಗೂ ಕಾಣದು.

ಇಷ್ಟನ್ನು ಕಂಡವನು ಮಾದರಿಯ ಮೂರು ವಾಕ್ಯಗಳನ್ನು ಮತ್ತೆ ಬರೆಯಲು ಕುಳಿತನೆಂದು ಭಾವಿಸೋಣ. ‘ಗಾಳಿ ನಿಂತಿತು. ಕೆರೆ ಮೊದಲು ಮರಗಳ ಕೆಳಗಿನ ನೀರನ್ನು ಸಮಮಾಡಿಕೊಂಡಿತು, ಆಮೇಲೆ ನಡುವಿನದನ್ನು. ದಡಕ್ಕೆ ಕತ್ತಲು ಬಂದ ಮೇಲೂ ಆಕಾಶದಿಂದ ಪಡೆದುದನ್ನು ಅದು ಬಿಟ್ಟುಕೊಡಲಿಲ್ಲ. ಆಚೆಯ ಜಗುಲಿಯ ಹಣತೆ ನೀರಿನ ಮೇಲೆ ನನ್ನವರೆಗೆ ಬಂದು ನಿಂತಿತು. ನಾನು ನಡೆದೆ, ಅದೂ ನಡೆಯಿತು.’ ಇದು ಉತ್ತಮಕಾವ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಕೆರೆಯ ಸ್ಥಾನದಲ್ಲಿ ಹಣತೆಯನ್ನು ಇಡಲು ಬರುವುದಿಲ್ಲ. ಸಮಮಾಡಿಕೊಳ್ಳುವುದು, ಬಿಟ್ಟುಕೊಡದಿರುವುದು, ಬಂದು ನಿಲ್ಲುವುದು, ಜೊತೆಯಲ್ಲಿ ನಡೆಯುವುದು, ಇವೆಲ್ಲವೂ ಮನುಷ್ಯರ ವ್ಯವಹಾರಗಳೇ. ಆದರೂ ಒಂದೊಂದೂ ಕೆರೆಯಲ್ಲಿಯೋ ದೀಪದಲ್ಲಿಯೋ ಕಣ್ಣಾರೆ ಕಂಡ ಕಾರ್ಯಕ್ಕೆ ಒಪ್ಪುವಂಥದು. ಮನುಷ್ಯನನ್ನು ಅದರಿಂದ ತೆಗೆದುಹಾಕಿದರೂ ವಾಕ್ಯ ಸುಳ್ಳಾಗುವುದಿಲ್ಲ. ಸಮಾಸೋಕ್ತಿಯ ಕಟ್ಟುನಿಟ್ಟು ಇರುವುದು ಇಲ್ಲಿಯೇ: ಎರಡೂ ಕಡೆ ನಿಜವಾಗದ ಕ್ರಿಯಾಪದಕ್ಕೆ ಅಲ್ಲಿ ಪ್ರವೇಶವಿಲ್ಲ.

ಕ್ರಿಯಾಪದದ ಆಯ್ಕೆಯಲ್ಲಿ ಎಷ್ಟು ಜಾಗರೂಕತೆ ಬೇಕೆಂಬುದಕ್ಕೆ ಈ ಮೊದಲನೆಯ ಕ್ರಿಯೆಯನ್ನೇ ನೋಡಬಹುದು. ‘ಸಮಮಾಡಿಕೊಂಡಿತು’ ಎಂಬಲ್ಲಿ ‘ಮಡಿಸಿಟ್ಟಿತು’ ಎಂದು ಬರೆಯುವ ಆಸೆ ಅನೇಕರಿಗೆ ಹುಟ್ಟುವುದು ಸಹಜ. ಅದು ಹೆಚ್ಚು ಚಿತ್ರವತ್ತಾಗಿದೆ, ಸಂಜೆಯ ಗೃಹಕೃತ್ಯವನ್ನೂ ನೆನಪಿಗೆ ತರುತ್ತದೆ. ಆದರೆ ಮಡಿಸಿದ ವಸ್ತ್ರದಲ್ಲಿ ಪದರಗಳು ಹುಟ್ಟುತ್ತವೆ. ಕೆರೆಯಲ್ಲಿ ನಡೆಯುತ್ತಿರುವುದೋ ಪದರಗಳ ಲಯ. ಚಿತ್ರಕ್ಕೆ ಮರುಳಾಗಿ ಕಾರ್ಯವನ್ನು ತಿರುಗುಮುರುಗು ಮಾಡಿದಂತಾಗುವುದು. ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯವೊಂದುಂಟು. ನಿಟ್ಟುಸಿರು ಬಿಡುವುದು, ತಲೆತಗ್ಗಿಸುವುದು, ಮುಖ ಬಾಡಿಸಿಕೊಳ್ಳುವುದು ಮುಂತಾದವು ಹೊರನೋಟಕ್ಕೆ ಕ್ರಿಯೆಗಳಂತೆಯೇ ಕಾಣುತ್ತವೆ. ವಾಸ್ತವವಾಗಿ ಅವು ಭಾವಗಳ ಅನುಭಾವಗಳು, ಎಂದರೆ ದುಃಖವೆಂಬ ಶಬ್ದವನ್ನು ಬಿಟ್ಟು ದುಃಖದ ಗುರುತನ್ನು ಇಟ್ಟವು. ಕೆರೆ ದುಃಖಿಸಿತೆಂದು ಬರೆಯಲು ಸಂಕೋಚಪಟ್ಟವನು ನಿಟ್ಟುಸಿರು ಬಿಟ್ಟಿತೆಂದು ಬರೆದು ತಾನು ವ್ಯವಹಾರವನ್ನು ಕೊಟ್ಟೆನೆಂದು ತೃಪ್ತನಾಗುತ್ತಾನೆ. ಇದನ್ನು ಗುರುತಿಸುವ ಬಗೆ ಸುಲಭ: ಯಾವಾಗ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಂದು ವಾಕ್ಯವನ್ನು ಕೇಳಬೇಕು. ದಡದಿಂದ ನಡುವಿಗೆ ನೀರು ಸಮವಾಯಿತೆಂಬುದಕ್ಕೆ ಉತ್ತರವುಂಟು. ಕೆರೆಯ ನಿಟ್ಟುಸಿರು ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತೆಂಬುದಕ್ಕೆ ಉತ್ತರವಿಲ್ಲ.

ದಂಡಿಯು ‘ಕಾವ್ಯಾದರ್ಶ’ದಲ್ಲಿ ಸಮಾಧಿಯೆಂಬ ಗುಣವನ್ನು ಹೇಳುವಾಗ, ಒಂದರ ಧರ್ಮವನ್ನು ಲೋಕಮರ್ಯಾದೆಯನ್ನು ಮೀರದಂತೆ ಇನ್ನೊಂದರಲ್ಲಿ ಇಡಬೇಕೆಂದು ವಿಧಿಸುತ್ತಾನೆ, ನೈದಿಲೆ ಕಣ್ಮುಚ್ಚುವುದೂ ತಾವರೆ ಕಣ್ತೆರೆಯುವುದೂ ಅವನ ಉದಾಹರಣೆಗಳು. ನಮ್ಮ ‘ಕವಿರಾಜಮಾರ್ಗ’ಕ್ಕೆ ಅವನ ಗ್ರಂಥವೇ ಮುಖ್ಯವಾದ ಆಧಾರವಾದುದರಿಂದ ಈ ವಿವೇಕ ಕನ್ನಡಕ್ಕೆ 9ನೆಯ ಶತಮಾನದಿಂದಲೂ ಪರಿಚಿತ. ಹೂವು ದಳವನ್ನು ಮಡಿಚುವುದು ಕಾಣುವ ಕಾರ್ಯ, ರೆಪ್ಪೆಯ ಕಾರ್ಯಕ್ಕೆ ಅದು ನೇರವಾಗಿ ಒಪ್ಪುತ್ತದೆ. ದಂಡಿ ಅದಕ್ಕೆ ನಿದ್ರೆಯ ಸುಖವನ್ನಾಗಲಿ ವಿರಹದ ಆಯಾಸವನ್ನಾಗಲಿ ಸೇರಿಸಲಿಲ್ಲ.

ಶಾಸ್ತ್ರವನ್ನು ಓದದವರು ಈ ಮರ್ಯಾದೆಯನ್ನು ಎಷ್ಟು ನಿರಾಯಾಸವಾಗಿ ಪಾಲಿಸಿದ್ದಾರೆಂಬುದಕ್ಕೆ ‘ಕೆರೆಗೆ ಹಾರ’ದಂಥ ನಿದರ್ಶನ ಮತ್ತೊಂದಿಲ್ಲ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬರುವುದಿಲ್ಲ. ಹೊತ್ತಗೆ ತೆಗೆಸಿ ನೋಡಿದಾಗ ಮನೆಯ ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದಾಗುತ್ತದೆ. ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬರುತ್ತದೆ. ಗಂಗೆಯ ಪೂಜೆ ಮುಗಿಸಿ ಎಲ್ಲರೂ ಹಿಂದಿರುಗಿದ ಮೇಲೆ, ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಅವಳೊಬ್ಬಳೇ ಕೆರೆಗೆ ಇಳಿಯುತ್ತಾಳೆ. ಬಟ್ಟಲನ್ನು ತೆಗೆದುಕೊಂಡು ಅವಳು ಮೆಟ್ಟಿಲುಗಳನ್ನು ಏರುತ್ತ ಬಂದಂತೆ ನೀರೂ ಏರುತ್ತದೆ: ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಕೊನೆಗೆ ತುಂಬಿಬಿಡುತ್ತದೆ.

ಈ ಕಥನಗೀತದಲ್ಲಿ ಕೆರೆಗೆ ಹಸಿವೆಯಿತ್ತೆಂದು ಎಲ್ಲಿಯೂ ಹೇಳಿಲ್ಲ. ಬಲಿ ದೊರೆತುದಕ್ಕೆ ಅದು ಹಿಗ್ಗಿತೆಂದಾಗಲಿ, ಮುಗ್ಧೆಯನ್ನು ನುಂಗಿದುದಕ್ಕೆ ಮರುಗಿತೆಂದಾಗಲಿ ಹೇಳಿಲ್ಲ. ಕೆರೆ ಮಾಡುವುದು ಎರಡೇ ಕಾರ್ಯಗಳು. ಮೊದಲು ಅದು ನೀರನ್ನು ಕೊಡುವುದಿಲ್ಲ. ಆಮೇಲೆ ಅವಳ ಹಿಂದೆಯೇ ಮೆಟ್ಟಿಲು ಹತ್ತುತ್ತದೆ. ಈ ಎರಡನೆಯ ಕಾರ್ಯವನ್ನು ತುಸು ನಿಧಾನಿಸಿ ಪರಿಶೀಲಿಸಬೇಕು. ಅವಳು ಮೇಲಕ್ಕೆ ಹೋಗುತ್ತಿದ್ದಾಳೆ. ನೀರು ಅವಳಷ್ಟೇ ವೇಗದಲ್ಲಿ ಏರಿದ್ದರೆ ಪಾದದಲ್ಲಿಯೇ ನಿಂತಿರಬೇಕಾಗಿತ್ತು. ಮೆಟ್ಟಿಲೊಂದೊಂದಕ್ಕೂ ಅದು ಮೈಯಲ್ಲಿ ಇನ್ನೂ ಎತ್ತರವನ್ನು ಮುಟ್ಟುತ್ತಿದೆಯೆಂದರೆ ಅವಳಿಗಿಂತ ವೇಗವಾಗಿ ಏರುತ್ತಿದೆ. ಹಾಡುವವರು ಈ ಲೆಕ್ಕವನ್ನು ಬಿಡಿಸಿ ಹೇಳುವುದಿಲ್ಲ; ಕೇಳುವವರ ಎದೆ ತಾನೇ ಅದನ್ನು ಮಾಡಿಕೊಳ್ಳುತ್ತದೆ. ದಾರಿಯಲ್ಲಿ ಹಿಂದೆ ಬರುವವನ ಹೆಜ್ಜೆ ನಮ್ಮ ಹೆಜ್ಜೆಗಿಂತ ತುಸುವೇ ಬಿರುಸಾಗಿದೆಯೆಂದು ತಿಳಿದಾಗ ಆಗುವ ಭೀತಿಯೇ ಇದು. ನೀರು ಏರುವುದು ತುಂಬುವ ಕೆರೆಯ ಸಹಜವಾದ ನಡೆ, ಅದರ ಮೇಲೆ ಹೊರಿಸಿದ ಹೊರೆಯಲ್ಲ. ಕೆರೆಯ ಮನಸ್ಸಿನಲ್ಲಿ ಏನಿತ್ತೆಂಬುದು ಕಡೆಯವರೆಗೂ ತಿಳಿಯದಿರುವುದರಿಂದ ಭಯ ದ್ವಿಗುಣಿಸುತ್ತದೆ. ಒಂದು ಪಕ್ಷ ಯಾರಾದರೂ ಇದನ್ನು ತಿದ್ದಿ, ಹಸಿದ ಕೆರೆ ನಾಲಗೆ ಚಾಚಿತೆಂದು ಸೇರಿಸಿದರೆ, ಕೆರೆ ಒಂದು ರಾಕ್ಷಸಿಯಾಗುವುದು. ರಾಕ್ಷಸಿಯನ್ನು ದೂರಿ ಮಲ್ಲನಗೌಡನನ್ನು ಮರೆಯುವುದು ನಮಗೆ ಸುಲಭವಾಗುವುದು. ಭಾವವನ್ನು ಕೆರೆಯಿಂದ ದೂರವಿಟ್ಟುದರಿಂದಲೇ ಹೊಣೆ ಮನುಷ್ಯರಲ್ಲಿ ಉಳಿದಿದೆ. ನಾನು ಓದಿರುವ ಕನ್ನಡ ಕೃತಿಗಳಲ್ಲಿ ಜಡವಸ್ತುವೊಂದರ ವ್ಯವಹಾರ ಇಷ್ಟು ಭಾರವನ್ನು ಹೊತ್ತುದು ಬೇರೆಲ್ಲಿಯೂ ಕಾಣದು.

ದೀಪದ ವಿಷಯದಲ್ಲಿಯೂ ಜನಪದದ ಕಣ್ಣು ಮೋಸಹೋಗಿಲ್ಲ. ಎಣ್ಣೆಯ ಕೊಳದಲ್ಲಿ ಮೈ ಮುಳುಗಿಸಿ ತಲೆಯಲ್ಲಿ ಮಾಣಿಕ್ಯವನ್ನು ಹೊತ್ತ ಹಾವೆಂದು ಬತ್ತಿಯನ್ನು ಕುರಿತು ಒಗಟು ಕಟ್ಟುವವರು, ದೀಪಕ್ಕೆ ಮಾನವಭಾವವನ್ನು ಕೊಡದೆ ಅದರ ಕಾಯಕವನ್ನೇ ಚಿತ್ರಿಸಿದ್ದಾರೆ: ಬತ್ತಿ ಬುಡದಿಂದ ಎಣ್ಣೆಯನ್ನು ಹೀರುತ್ತದೆ, ತುದಿಯಲ್ಲಿ ಅದನ್ನು ಬೆಳಕಾಗಿ ಉಗುಳುತ್ತದೆ. ಈ ಕಾಯಕದ ಹೆಚ್ಚಿನ ವಿವರಗಳನ್ನು ಕಾರ್ತಿಕದ ಸಂಜೆಯಲ್ಲಿ ತುಳಸಿಕಟ್ಟೆಯ ಬಳಿ ಕುಳಿತವರು ಯಾರು ಬೇಕಾದರೂ ಕಾಣಬಹುದು. ಎಣ್ಣೆ ತುಂಬಿರುವಾಗ ಬತ್ತಿಗೆ ಏರಿಸಬೇಕಾದ ಎತ್ತರ ಕಡಮೆ, ಕುಡಿ ನೆಟ್ಟಗೆ ಉದ್ದವಾಗಿರುತ್ತದೆ. ಎಣ್ಣೆ ಇಳಿದಂತೆಲ್ಲ ಎತ್ತರ ಹೆಚ್ಚಿ, ತುದಿಗೆ ತಲಪುವುದು ಅಲ್ಪವಾಗಿ, ಕುಡಿ ಕುಗ್ಗುತ್ತದೆ. ಎಣ್ಣೆ ಮುಗಿದಾಗ ಅದುವರೆಗೂ ಎಣ್ಣೆಯನ್ನು ಮಾತ್ರ ಉರಿಸುತ್ತಿದ್ದ ಬತ್ತಿ ತನ್ನನ್ನೇ ಉರಿಸತೊಡಗಿ, ಒಮ್ಮೆ ಭುಗ್ಗೆಂದು ದೊಡ್ಡದಾಗಿ ಆರುತ್ತದೆ. ಆರುವ ಮೊದಲು ದೀಪ ಜೋರಾಗಿ ಉರಿಯುವುದೆಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಆ ಹೊತ್ತಿನಲ್ಲಿ ಉರಿಯುತ್ತಿರುವುದು ಬೇರೆಯ ವಸ್ತುವೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪರರ ದ್ರವ್ಯದಿಂದ ನಡೆಯುತ್ತಿದ್ದವನು ಕೊನೆಗೆ ತನ್ನ ಮೈಯನ್ನೇ ವೆಚ್ಚಮಾಡತೊಡಗಿದನೆಂಬ ವ್ಯವಹಾರ ಅಲ್ಲಿ ಸಿದ್ಧವಾಗಿ ಕುಳಿತಿದೆ. ನಾಚಿಕೆಯ ನಗುವನ್ನು ಎರವಲು ತರುವ ಅಗತ್ಯವೇನಿತ್ತು?

ಇನ್ನೊಂದು ನಡೆಯನ್ನು ಹೇಳದಿರಲಾರೆ. ಎರಡು ಹಣತೆಗಳನ್ನು ಕುಡಿ ಕುಡಿಗೆ ಅಂಗುಲದಷ್ಟು ಸಮೀಪದಲ್ಲಿಟ್ಟರೆ, ಗಾಳಿಯಿಲ್ಲದಿದ್ದರೂ ಎರಡೂ ನೆಟ್ಟಗೆ ನಿಲ್ಲದೆ ಒಂದರ ಕಡೆಗೊಂದು ಬಾಗುತ್ತವೆ; ಮತ್ತಷ್ಟು ಸಮೀಪಿಸಿದರೆ ಕೂಡಿ ಒಂದೇ ಕುಡಿಯಾಗುತ್ತವೆ. ಪ್ರತಿಯೊಂದು ಜ್ವಾಲೆಯೂ ಸುತ್ತಲಿನ ಗಾಳಿಯನ್ನು ತನ್ನೆಡೆಗೆ ಸೆಳೆಯುವುದರಿಂದ, ಎರಡರ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ಸಾಕಷ್ಟು ಬರಲಾರದೆ ಹೊರಗಡೆಯ ಗಾಳಿ ಅವನ್ನು ಒಳಗೆ ತಳ್ಳುತ್ತದೆ. ಇದನ್ನು ಕಂಡ ಸಾಮಾನ್ಯಕವಿ ಕೂಡಲೇ ಪ್ರೇಮವೆನ್ನುವನು, ಅಲ್ಲಿಗೆ ವಿಷಯ ಮುಗಿದುಹೋಗುವುದು. ಅವು ಬಾಗಿದುವೆಂದಷ್ಟೇ ಹೇಳುವವನ ಪದ್ಯದಲ್ಲಾದರೋ ಹಲವು ಅರ್ಥಗಳಿಗೆ ಅವಕಾಶವಿದೆ: ಅದು ಪ್ರೇಮವೂ ಆಗಬಹುದು, ಒಂದೇ ಉಸಿರಿಗಾಗಿ ನಡೆದ ಸ್ಪರ್ಧೆಯೂ ಆಗಬಹುದು, ಒಂದೇ ಮನೆಯಲ್ಲಿ ಬಾಳುವ ಇಬ್ಬರಲ್ಲಿ ಈ ಎರಡೂ ಇರುವುದುಂಟು.

ದೀಪಶಿಖೆಯ ಕವಿಯೆಂದು ಬಿರುದು ಪಡೆದ ಕಾಳಿದಾಸನಿಗೆ ಆ ಬಿರುದು ಬಂದುದು ‘ರಘುವಂಶ’ದ 6ನೆಯ ಸರ್ಗದ ಒಂದು ಶ್ಲೋಕದಿಂದ. ಇಂದುಮತಿಯ ಸ್ವಯಂವರದಲ್ಲಿ ಆಕೆ ಒಬ್ಬೊಬ್ಬ ರಾಜನನ್ನೂ ದಾಟಿ ಮುಂದೆ ಸಾಗುವುದನ್ನು, ರಾತ್ರಿಯಲ್ಲಿ ರಾಜಮಾರ್ಗದ ಮೇಲೆ ಚಲಿಸುವ ದೀಪದ ಕುಡಿಯೊಂದಕ್ಕೆ ಅವನು ಹೋಲಿಸಿದ್ದಾನೆ. ಅದು ದಾಟಿಹೋದ ಮೇಲೆ ಬೀದಿಯ ಉಪ್ಪರಿಗೆ ಹೇಗೋ ಹಾಗೆ ಬಿಟ್ಟುಹೋದ ರಾಜನ ಮುಖ ಬಣ್ಣಗೆಡುತ್ತದೆ. ಇದು ಉಪಮೆ, ಸಮಾಸೋಕ್ತಿಯಲ್ಲ. ಆದರೂ ನಮ್ಮ ವಿಷಯಕ್ಕೆ ಇದರಿಂದ ದೊರೆಯುವ ಪಾಠ ದೊಡ್ಡದು. ದೀಪಕ್ಕೆ ಇಲ್ಲಿ ದರ್ಪವಿಲ್ಲ, ತಿರಸ್ಕಾರವಿಲ್ಲ. ಅದು ಕೇವಲ ನಡೆಯುತ್ತದೆ. ನಡೆಯುವ ದೀಪ ಮುಂದಿನ ಮನೆಯನ್ನು ಬೆಳಗಿಸುವ ಕ್ರಿಯೆಯೇ ಹಿಂದಿನ ಮನೆಯನ್ನು ಕತ್ತಲಿಗೆ ಬಿಡುವ ಕ್ರಿಯೆಯೂ ಹೌದು. ರಾಜರ ನಿರಾಸೆಯನ್ನು ವರ್ಣಿಸಲು ಕವಿಗೆ ಭಾವವಾಚಕವೊಂದೂ ಬೇಕಾಗಲಿಲ್ಲ. ಮನುಷ್ಯನಿಂದ ದೀಪಕ್ಕೆ ಸಾಲ ಕೊಡುವುದನ್ನು ಬಿಟ್ಟು, ದೀಪದಿಂದ ಮನುಷ್ಯನಿಗೆ ಸಾಲ ತಂದಿರುವುದು ಇದರ ಹೆಗ್ಗಳಿಕೆ.

ವ್ಯವಹಾರವನ್ನು ಕೊಡುವುದೆಂದರೆ ಕಂಡುದನ್ನೆಲ್ಲ ಸುರಿಯುವುದೆಂದು ತಿಳಿದರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ಮೇಲೆ ನಾನು ಬತ್ತಿಯ ವಿಚಾರವಾಗಿ ಬರೆದುದನ್ನೆಲ್ಲ ಒಂದು ಕವನದಲ್ಲಿ ಅಡಕಿದರೆ ಅದು ಪದಾರ್ಥವಿಜ್ಞಾನದ ಪಾಠವಾಗುವುದು. ನೋಡುವುದು ಹತ್ತು, ಹೇಳುವುದು ಒಂದು. ಆ ಒಂದೂ ಕವನದ ಸಂದರ್ಭ ಕೇಳಿದುದಾಗಿರಬೇಕು. ಮಾಗೋಡಿನ ಜಲಪಾತ ಇದಕ್ಕೆ ಕಠಿಣವಾದ ಪರೀಕ್ಷೆಯಾಗಿದೆ. ಧಾರವಾಡ ಹುಬ್ಬಳ್ಳಿಗಳ ಬಯಲು ಕಡೆಯಿಂದ ಬರುವ ಬೇಡ್ತಿ ಇಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರು ಆಳಕ್ಕೆ ಇಳಿದು, ಕೆಳಗೆ ಗಂಗಾವಳಿಯೆಂಬ ಹೆಸರಿನಿಂದ ಸಮುದ್ರಕ್ಕೆ ಸಾಗುತ್ತದೆ. ಇದನ್ನು ವರ್ಣಿಸಹೊರಟವರು ರುದ್ರನರ್ತನ, ರೌದ್ರಾವೇಶ, ಭೋರ್ಗರೆತಗಳ ಹೊರತು ಬೇರೆ ಮಾತನ್ನು ಆಡುವುದು ಅಪರೂಪ. ಆದರೆ ನೋಡುವ ಸ್ಥಳ ಕಣಿವೆಯ ಈಚೆಗೆ ದೂರದಲ್ಲಿರುವುದರಿಂದ, ಬೀಳುವ ನೀರು ಕಣ್ಣಿಗೆ ಅವಸರವಿಲ್ಲದೆ ಇಳಿಯುವಂತೆಯೇ ತೋರುತ್ತದೆ. ಆವೇಶವೆಂಬುದು ಕಿವಿಯ ಸಾಕ್ಷ್ಯವೇ ಹೊರತು ಕಣ್ಣಿನದಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಕಣಿವೆಯಲ್ಲೆಲ್ಲ ಮಂಜು ಕವಿದು, ಬಂದವರಿಗೆ ಬರಿಯ ಶಬ್ದವೇ ಲಭ್ಯವಾಗುವುದುಂಟು. ಮಂಜು ಕಳೆದು ಜಲಪಾತ ನಿಚ್ಚಳವಾಗಿ ಕಾಣತೊಡಗುವುದು ನೀರು ಇಳಿಮುಖವಾದ ಮೇಲೆ. ಬೇಸಗೆಯಲ್ಲಿ ಕಲ್ಲಿನ ಗೆರೆಗೆರೆಯೂ ಕಾಣುವಾಗ ನೀರು ಎಳೆಯಾಗಿರುತ್ತದೆ. ತನ್ನಲ್ಲಿ ಅತ್ಯಧಿಕವಾಗಿರುವಾಗ ಮರೆಯಾಗಿದ್ದು, ಉಳಿದುದು ಅಲ್ಪವಾದಾಗ ತೆರೆದು ತೋರುವುದು! ಮನುಷ್ಯರಲ್ಲಿಯೂ ಇಂಥವರನ್ನು ಕಂಡಿದ್ದೇವೆ. ರುದ್ರನರ್ತನವನ್ನು ಶಿವನಸಮುದ್ರಕ್ಕೂ ಜೋಗಕ್ಕೂ ಒಯ್ದು ಹಚ್ಚಬಹುದು. ಈ ನಡೆಯಾದರೋ ಮಂಜು ಕವಿಯುವ ಮಲೆನಾಡಿನ ಕಣಿವೆಯಲ್ಲಿ ಮಾತ್ರ ನಿಜವಾಗುವಂಥದು. ಇದರ ಜೊತೆಗೆ ಎರಡು ಹಂತಗಳನ್ನೂ ಹೆಸರು ಬದಲಾದುದನ್ನೂ ಪೋಣಿಸಿದರೆ ಮೂರೂ ನಿಸ್ತೇಜವಾಗುವುವು.

ಹಾಗಿದ್ದರೆ ಭಾವಾರೋಪಕ್ಕೆ ಕಾವ್ಯದಲ್ಲಿ ಎಡೆಯೇ ಇಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅಲ್ಲಿ ಆರೋಪಿಸುವವನು ಕವಿಯಲ್ಲ, ಪಾತ್ರ. ಇಂಗ್ಲೆಂಡಿನ ರಸ್ಕಿನ್ನನು 1856ರಲ್ಲಿ ಈ ದೋಷಕ್ಕೆ ಹೆಸರಿಟ್ಟು ಚರ್ಚಿಸಿದಾಗ, ಕಡಲಿನ ನೊರೆಗೆ ಕ್ರೌರ್ಯವನ್ನು ಹಚ್ಚುವುದು ಸುಳ್ಳಾದರೂ ಹಾಗೆ ಹಚ್ಚುವಂತೆ ಮಾಡಿದ ದುಃಖ ನಿಜವಾಗಿದ್ದರೆ ಅದನ್ನು ಕ್ಷಮಿಸಬಹುದೆಂದು ಒಪ್ಪಿಕೊಂಡನು. ಸೀತೆಯನ್ನು ಕಳೆದುಕೊಂಡ ರಾಮನು ಮರಗಳನ್ನು ಬೇಡಿ ಕೇಳುವಾಗ ನಾವು ಮರಗಳಿಗೆ ಕಿವಿಯುಂಟೆಂದು ನಂಬುವುದಿಲ್ಲ, ರಾಮನ ಬುದ್ಧಿ ಕಲಕಿದೆಯೆಂದು ನಂಬುತ್ತೇವೆ. ಕಾಳಿದಾಸನಂತೂ ‘ಮೇಘದೂತ’ದ ಆರಂಭದಲ್ಲಿಯೇ, ಹೊಗೆ ಬೆಳಕು ನೀರು ಗಾಳಿಗಳ ಮುದ್ದೆಯಾದ ಮೋಡವೆಲ್ಲಿ, ಸಮರ್ಥರು ಒಯ್ಯಬೇಕಾದ ಸಂದೇಶವೆಲ್ಲಿ ಎಂದು ತಾನೇ ಆಕ್ಷೇಪವನ್ನೆತ್ತಿ, ಕಾಮಾರ್ತರಿಗೆ ಚೇತನಾಚೇತನಗಳ ವಿವೇಚನೆ ಇರುವುದಿಲ್ಲವೆಂದು ಸಮಾಧಾನ ಹೇಳುತ್ತಾನೆ. ಹೀಗೆ ಭ್ರಾಂತಿಯ ಹೊಣೆಯನ್ನು ಯಕ್ಷನಿಗೆ ವಹಿಸಿದ ಮೇಲೂ ಅವನು ಮೋಡದ ನಡೆಯನ್ನು ನೋಡುವುದನ್ನು ಬಿಡಲಿಲ್ಲ. ದಾರಿಯಲ್ಲಿ ಮಳೆ ಸುರಿಸಿದಲ್ಲೆಲ್ಲ ಮೋಡ ಹಗುರಾಗುತ್ತದೆ. ಹಗುರಾದುದನ್ನು ಗಾಳಿ ತೂರಿಬಿಡುವುದರಿಂದ, ರೇವಾನದಿಯ ನೀರನ್ನು ಕುಡಿದು ಒಳಗೆ ಭಾರವಾಗಿ ಮುಂದೆ ಹೋಗೆಂದು ಯಕ್ಷನು ಬುದ್ಧಿ ಹೇಳುತ್ತಾನೆ.